‘ನೋಡ್ತೀನಿ ಲೇ’ ಅಂದ್ರ ಏನರ್ಥ?

ನಮ್ಮ ಕಡೆ ಯಾರನ್ನಾದರೂ ಊಟಕ್ಕೋ ಜಾತ್ರೆಗೋ ಮದುವೆಗೋ ಕರೆದರೆ ಸಾಮಾನ್ಯವಾಗಿ ಮೂರು ಉತ್ತರ ಬರುತ್ತವೆ: ‘ಬರ್ತೀನಿ’, ‘ನೋಡ್ತೀನಿ’, ‘ಟ್ರೈ ಮಾಡ್ತೀನಿ’. ‘ಬರಾಕ ಆಗಂಗಿಲ್ಲ’ ಅನ್ನುವ ನಾಲ್ಕನೆಯ ಉತ್ತರವೂ ಇದೆ, ಆದರೆ ಅದನ್ನು ಬಳಸುವವರು ಕಡಿಮೆ. ಮೊದಲನೆಯದನ್ನಂತೂ ಪೂರ್ತಿ ನಂಬುವ ಹಾಗಿಲ್ಲ. ಯಾಕಂದ್ರೆ ಎದ್ದು ಹೋಗುವಾಗಲೂ ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವ ಜನ ನಾವು.

ನಮ್ಮ ಹಾಸ್ಟೆಲ್ಲಿನಲ್ಲಿ ಇದು ಜೋರಾಗುವುದು ಜನವರಿಯಲ್ಲಿ. ಕೊಪ್ಪಳದ ಗವಿಮಠದ ಜಾತ್ರೆ ಆಗ ಬರುತ್ತದೆ. ಬನದ ಹುಣ್ಣಿಮೆ ಆದ ಎರಡನೇ ದಿನ ತೇರು. 2024ರಲ್ಲಿ ಅದು ಜನವರಿ 27ಕ್ಕೆ ಬಂದಿತ್ತು, 2025ರಲ್ಲಿ 15ಕ್ಕೆ, 2026ರಲ್ಲಿ 5ಕ್ಕೆ. ಕೊಪ್ಪಳದ ಹುಡುಗರು ಒಂದು ತಿಂಗಳು ಮೊದಲೇ ಶುರು ಮಾಡುತ್ತಾರೆ: “ಲೇ, ಈ ಸಲ ಜಾತ್ರಿಗೆ ನಮ್ಮನಿಗೇ ಬರಬೇಕ್ರೆಪಾ. ದಾಸೋಹದಾಗ ರೊಟ್ಟಿ, ಮಾದಲಿ ಉಣ್ಣಾಣ, ತೇರ ನೋಡಾಣ.” ಹುಣ್ಣಿಮೆ ಪ್ರತಿ ವರ್ಷ ಜಾಗ ಬದಲಿಸುತ್ತದೆ, ಹಾಗಾಗಿ ಒಂದು ವರ್ಷ ತೇರು ರಜೆಯಲ್ಲಿ ಬಂದರೆ ಇನ್ನೊಂದು ವರ್ಷ ಪರೀಕ್ಷೆಯ ನಡುವೆ ಬೀಳುತ್ತದೆ. ಕ್ಯಾಲೆಂಡರ್ ನೋಡಿದರೆ ಆ ಕ್ಷಣವೇ ಗೊತ್ತಾಗುವ ವಿಷಯ ಇದು. ಆದರೂ ಎಲ್ಲರ ಬಾಯಲ್ಲಿ ಬರುವುದು “ನೋಡ್ತೀನಿ ಲೇ” ಅಂತಲೇ.

ಈ ‘ನೋಡ್ತೀನಿ’ ಕರೆದವರ ಮನೆಯಲ್ಲಿ ಏನು ಮಾಡುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದು ನಮ್ಮಕ್ಕನ ಮದುವೆಯಲ್ಲಿ. ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಬೇಸಿಗೆಯಲ್ಲಿ ಮದುವೆ. ಹಾಸ್ಟೆಲ್ಲಿನ ಒಂಬತ್ತು ಜನರನ್ನು ಕರೆದಿದ್ದೆ. ನಾಲ್ಕು ಜನ ಬರ್ತೀನಿ ಅಂದರು, ಬಂದರು. ಮೂವರು ನೋಡ್ತೀನಿ ಅಂದರು. ಒಬ್ಬ ಉದ್ದನೆಯ ಕಾರಣ ಕೊಟ್ಟ. ಒಬ್ಬ ಮಾತ್ರ ಬರಾಕ ಆಗಂಗಿಲ್ಲ ಅಂದ.

ಬರ್ತೀನಿ ಅಂದವರಿಗೆ ಎಲೆ ಲೆಕ್ಕ ಹಾಕಬಹುದು. ಬರಂಗಿಲ್ಲ ಅಂದವರನ್ನು ಬಿಡಬಹುದು. ನೋಡ್ತೀನಿ ಅಂದವರನ್ನು ಏನು ಮಾಡಬೇಕು? ನಮ್ಮವ್ವ ಅವರನ್ನೂ ಬರುವವರ ಲೆಕ್ಕಕ್ಕೇ ಹಿಡಿದಳು. ಮಲಗಲು ಪಕ್ಕದ ಮನೆಯ ಮಾಳಿಗೆ ಕೇಳಿ ಇಟ್ಟಳು. ಕುಷ್ಟಗಿ ಬಸ್ ಸ್ಟ್ಯಾಂಡಿನಿಂದ ಹುಡುಗರನ್ನು ಕರೆತರಲು ಹೋದ ಕ್ರೂಸರಿನಲ್ಲಿ ಮೂರು ಸೀಟು ಖಾಲಿ ಹಿಡಿದಿದ್ದರು. ಬಂದ ನಾಲ್ವರನ್ನು ಕೂರಿಸಿಕೊಂಡು ಇನ್ನೂ ಮೂವರಿಗಾಗಿ ಗಾಡಿ ಒಂದು ತಾಸು ನಿಂತಿತು. ಫೋನ್ ಮಾಡಿದರೆ ಒಬ್ಬನೂ ಎತ್ತಲಿಲ್ಲ. ಅಷ್ಟರಲ್ಲಿ ಇತ್ತ ಬೀಗರ ಕಡೆಯವರನ್ನು ಕರೆತರಲು ಅದೇ ಗಾಡಿ ಬೇಕಾಗಿತ್ತು. ಆ ಮೂವರೂ ಕೆಟ್ಟವರಲ್ಲ. ನನ್ನ ಮನಸ್ಸಿಗೆ ಬ್ಯಾಸರ ಆಗಬಾರದು ಅಂತಲೇ ನೋಡ್ತೀನಿ ಅಂದಿದ್ದರು. ಆದರೆ ಅವರು ತಪ್ಪಿಸಿಕೊಂಡ ಒಂದು ನಿಮಿಷದ ಮುಜುಗರವನ್ನು ನಮ್ಮಪ್ಪ ಒಂದು ತಾಸು ಬಿಸಿಲಲ್ಲಿ ನಿಂತು ಅನುಭವಿಸಿದ.

ಉದ್ದ ಕಾರಣ ಕೊಟ್ಟವನದು ಇನ್ನೊಂದು ಕಥೆ. ಅವನದು ಯಲಬುರ್ಗಾ ಕಡೆಯ ಊರು. ಅವನ ಮೆಸೇಜಿನಲ್ಲಿ ನಾಲ್ಕು ಕಾರಣ ಇದ್ದವು: ಬಸ್ ಸರಿಯಾಗಿ ಇಲ್ಲ, ಅಸೈನ್‌ಮೆಂಟ್ ಬಾಕಿ, ಸ್ವಲ್ಪ ಜ್ವರ, ಮನೆಯಲ್ಲಿ ಬಿಡೋದು ಡೌಟು. ನಾವು ಇಂಜಿನಿಯರಿಂಗ್ ಓದುವವರು. ಯಾರಾದರೂ ಪ್ರಾಬ್ಲೆಮ್ ಲಿಸ್ಟ್ ಕೊಟ್ಟರೆ ಒಂದೊಂದಾಗಿ ಬಿಡಿಸುವುದೇ ನಮ್ಮ ಚಟ. ಬಸ್ ಇಲ್ಲವೇ, ನಮ್ಮ ಕಾಕಾನ ಮಗ ಬೈಕ್ ತರ್ತಾನ. ಅಸೈನ್‌ಮೆಂಟ್ ನಂದು ನೋಡಿ ಬರಿ. ಜ್ವರಕ್ಕ ಗುಳಗಿ ತಗೋ. ಮನ್ಯಾಗ ನಾ ಮಾತಾಡ್ತೀನಿ. ಹತ್ತು ನಿಮಿಷದಲ್ಲಿ ನಾಲ್ಕೂ ಕಾರಣ ಮುಗಿದವು. ಈಗ ಅವನಿಗೆ ಎರಡೇ ದಾರಿ: ಮನಸ್ಸಿಲ್ಲದಿದ್ದರೂ ಬರುವುದು, ಇಲ್ಲವೇ ಐದನೇ ಕಾರಣ ಹುಡುಕುವುದು. ಮದುವೆಯ ದಿನ ಅವನ ಫೋನ್ ಸ್ವಿಚ್ ಆಫ್ ಇತ್ತು. ಆಮೇಲೆ ಎರಡು ವಾರ ಮೆಸ್ಸಿನಲ್ಲಿ ನನ್ನ ಎದುರಿಗೆ ಕೂರಲಿಲ್ಲ. ಅವನು ಬರಲಿಲ್ಲ ಅನ್ನುವುದಕ್ಕಿಂತ ಆ ಎರಡು ವಾರವೇ ನನಗೆ ಹೆಚ್ಚು ಚುಚ್ಚಿತು.

ಕಾರಣ ಹೆಚ್ಚಾದಷ್ಟೂ ಉತ್ತರ ಗಟ್ಟಿಯಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಕೇಳುವವರಿಗೆ ಪ್ರತಿಯೊಂದು ಕಾರಣವೂ ‘ಇದೊಂದು ಸರಿಹೋದರೆ ಬರ್ತಾನ’ ಅನ್ನುವ ಹಾಗೆ ಕೇಳಿಸುತ್ತದೆ.

ಇನ್ನು ಒಂಬತ್ತನೆಯವನು, ಗಂಗಾವತಿಯವನು. ಮದುವೆಗೆ ಎಂಟು ದಿನ ಮೊದಲು ಹೀಗೆ ಕಳಿಸಿದ: “ದೋಸ್ತ, ಕರೆದಿದ್ದು ಭಾಳ ಖುಷಿ ಆತು. ಅಕ್ಕನ ಮದುವಿಗೆ ಬರಾಕ ಆಗಂಗಿಲ್ಲ. ಆವತ್ತ ನಮ್ಮ ಗದ್ದಿಗೆ ಭತ್ತ ಕೊಯ್ಯೋ ಮಷಿನ್ ಪಾಳಿ ಐತಿ. ನನ್ನ ಲೆಕ್ಕಕ್ಕ ಹಿಡೀಬ್ಯಾಡ. ಮದುವಿ ಆದ ಮ್ಯಾಲಿನ ಐತವಾರ ನಿಮ್ಮೂರಿಗೆ ಬರ್ತೀನಿ, ಅಕ್ಕನ ಫೋಟೋ ತೋರಸ್ವಂತಿ.”

ನಾನು ಸುಮ್ಮನೆ ಬಿಡಲಿಲ್ಲ. “ನಿಮ್ಮಪ್ಪ ನೋಡ್ಕೋತಾನ ಬಾರಲೇ” ಅಂದೆ. ನಮ್ಮ ಕಡೆ ಹಾಗೆ ಒತ್ತಾಯ ಮಾಡುವುದೇ ಮರ್ಯಾದೆ. ಊಟಕ್ಕೆ ಕೂತವರು ‘ಸಾಕ್ರಿ’ ಅಂದರೆ ಯಾರಾದರೂ ಬಡಿಸುವುದು ನಿಲ್ಲಿಸುತ್ತಾರಾ? ಮೊದಲ ‘ಬ್ಯಾಡ’ ಅನ್ನುವುದು ನಾಚಿಕೆಯ ‘ಬ್ಯಾಡ’, ಎರಡನೆಯದು ಸಂಕೋಚದ್ದು. ಎಲೆಯ ಮೇಲೆ ಕೈ ಅಡ್ಡ ಹಿಡಿದಾಗ ಮಾತ್ರ ಅದು ನಿಜವಾದ ‘ಬ್ಯಾಡ’. ಕರೆಯುವುದರಲ್ಲೂ ಇದೇ ಲೆಕ್ಕ. ಮೆತ್ತಗೆ ಇಲ್ಲ ಅಂದರೆ ‘ಇನ್ನೊಂದ್ಸಲ ಕರಿ’ ಅಂತ ಅರ್ಥವಾಗುತ್ತದೆ.

ಅವನು ಹೊಸ ಕಾರಣ ಕೊಡಲಿಲ್ಲ. “ಇಲ್ಲ ದೋಸ್ತ, ಈ ಸಲ ಆಗಂಗಿಲ್ಲ. ಐತವಾರ ಪಕ್ಕಾ” ಅಂದ. ಮತ್ತೆ ಒತ್ತಾಯ ಮಾಡಿದರೂ ಅದೇ ಮಾತು, ಅಷ್ಟೇ ನಗು. ಇದೇ ಎಲೆಯ ಮೇಲಿನ ಕೈ. ಮೂರನೇ ಸಲಕ್ಕೆ ನಾನೇ ಬಿಟ್ಟೆ, ನನಗೆ ಸಿಟ್ಟೂ ಬರಲಿಲ್ಲ.

ಅವನ ಐದು ಸಾಲಿನ ಆ ಮೆಸೇಜನ್ನು ಆಮೇಲೆ ಎಷ್ಟೋ ಸಲ ಓದಿದ್ದೇನೆ. ಅದರಲ್ಲಿ ಅವನು ‘ಬರಂಗಿಲ್ಲ’ ಅಂದಿಲ್ಲ, ‘ಬರಾಕ ಆಗಂಗಿಲ್ಲ’ ಅಂದಿದ್ದಾನೆ. ಬರಂಗಿಲ್ಲ ಅಂದರೆ ಮನಸ್ಸಿಲ್ಲ ಅಂತ ಕೇಳಿಸುತ್ತದೆ, ಆಗಂಗಿಲ್ಲ ಅಂದರೆ ಮನಸ್ಸಿದೆ, ಕೈಯಲ್ಲಿಲ್ಲ ಅಂತ. ಎರಡೂ ಅಷ್ಟೇ ಖಚಿತ, ಆದರೆ ಎರಡನೆಯದು ಕರೆದವರನ್ನು ದೂರ ತಳ್ಳುವುದಿಲ್ಲ. ಕಾರಣ ಒಂದೇ, ಅದೂ ನಿಜ. ‘ಲೆಕ್ಕಕ್ಕ ಹಿಡೀಬ್ಯಾಡ’ ಅನ್ನುವ ಸಾಲು ನಮ್ಮವ್ವನಿಗೆ ಬೇಕಾಗಿದ್ದ ಸಾಲು. ಕೊನೆಗೆ ‘ಮುಂದೊಮ್ಮೆ ಸಿಗೋಣ’ ಅನ್ನದೆ ದಿನ ಹೇಳಿದ್ದಾನೆ.

ಮದುವೆಯ ದಿನ ಮುಯ್ಯಿ ಬರೆಯುವ ಪುಸ್ತಕದಲ್ಲಿ ಅವನ ಹೆಸರೂ ಇತ್ತು. ಬಂದ ನಾಲ್ವರಲ್ಲಿ ಒಬ್ಬನ ಕೈಲಿ ನೂರಾ ಒಂದು ರೂಪಾಯಿ ಕಳಿಸಿದ್ದ. ಇದು ಅವನು ಕಂಡುಹಿಡಿದ ಉಪಾಯವಲ್ಲ. ನಮ್ಮ ಹಿರಿಯರು ಒಂದೇ ದಿನ ನಾಲ್ಕು ಮದುವೆ ಬಂದರೆ ಹೀಗೇ ಮಾಡುತ್ತಾರೆ: ಒಂದಕ್ಕೆ ತಾವು ಹೋಗುತ್ತಾರೆ, ಒಂದಕ್ಕೆ ಮಗನನ್ನು ಕಳಿಸುತ್ತಾರೆ, ಉಳಿದವಕ್ಕೆ ಯಾರದೋ ಕೈಲಿ ಮುಯ್ಯಿ ಮುಟ್ಟಿಸುತ್ತಾರೆ. ಬರದಿದ್ದರೂ ಪುಸ್ತಕದಲ್ಲಿ ಹೆಸರಿದ್ದರೆ ಸಂಬಂಧ ಉಳಿಯುತ್ತದೆ. ಐತವಾರ ಅವನು ಬಂದ. ಮದುವೆಯ ಗದ್ದಲದಲ್ಲಿ ಬಂದ ನಾಲ್ವರ ಜೊತೆ ನಮ್ಮವ್ವ ಎರಡು ಮಾತೂ ಆಡಿರಲಿಲ್ಲ, ಇವನ ಜೊತೆ ಮಧ್ಯಾಹ್ನವೆಲ್ಲ ಮಾತಾಡಿದಳು.

ಎಲ್ಲ ಕಾರಣವನ್ನೂ ಹೇಳಲಾಗುವುದಿಲ್ಲ ಅನ್ನುವುದು ನಿಜ. ನಮ್ಮಲ್ಲಿ ಬಹಳ ಸಲ ನಿಜವಾದ ಕಾರಣ ರೊಕ್ಕ. ಗ್ಯಾಂಗು ಆನೆಗೊಂದಿ, ಅಂಜನಾದ್ರಿ ಅಂತ ಹೊರಟಿರುತ್ತದೆ, ತಿಂಗಳ ಕೊನೆ, ಜೇಬಿನಲ್ಲಿ ನೂರು ರೂಪಾಯಿ. ಆಗ ಜ್ವರ ಅಂತ ಸುಳ್ಳು ಹೇಳಿದರೆ ಸಂಜೆ ಕ್ಯಾಂಟೀನಿನಲ್ಲಿ ಸಿಕ್ಕಿಬೀಳುತ್ತೀರಿ. ಕಾರಣ ಹೇಳದೆ “ಈ ಸಲ ಆಗಂಗಿಲ್ರಲೇ, ನೀವು ಹೋಗಿಬರ್ರಿ” ಅಂದರೆ ಸಾಕು. ಹತ್ತಿರದವನಿದ್ದರೆ ಅವನೊಬ್ಬನಿಗೆ “ಈ ತಿಂಗಳ ಕೈ ಖಾಲಿ ಐತಿ” ಅಂತ ಹೇಳಿ. ಇದನ್ನು ಗ್ರೂಪಿನಲ್ಲಿ ಹಾಕುವುದಕ್ಕಿಂತ ಕರೆದವನಿಗೆ ಬೇರೆಯಾಗಿ ಹೇಳುವುದು ಒಳ್ಳೆಯದು. ಗ್ರೂಪಿನಲ್ಲಿ ಒಂದು ‘ಇಲ್ಲ’ ಬಿದ್ದರೆ ಅದರ ಹಿಂದೆ ನಾಲ್ಕು ‘ನಾನೂ ಇಲ್ಲ’ ಬರುತ್ತವೆ, ಕರೆದವನ ಪ್ಲ್ಯಾನೇ ಕೂತುಬಿಡುತ್ತದೆ. ಕರೆದವರು ಗೆಳೆಯನ ಅವ್ವನೋ ಅಪ್ಪನೋ ಆಗಿದ್ದರೆ ಮೆಸೇಜು ಸಾಲದು. ಫೋನ್ ಮಾಡಿ “ದೊಡ್ಡವ್ವಾ, ಈ ಸಲ ಬರಾಕ ಆಗಂಗಿಲ್ರಿ” ಅನ್ನಬೇಕು.

ಇದಕ್ಕೂ ಒಂದು ಮಿತಿ ಇದೆ. ಎಷ್ಟೇ ಚಂದ ಹೇಳಿದರೂ ಮೂರು ಸಲ ‘ಆಗಂಗಿಲ್ಲ’ ಕೇಳಿದವರು ನಾಲ್ಕನೇ ಸಲ ಕರೆಯುವುದಿಲ್ಲ. ಎರಡು ಸಲ ಹೋಗಲಾಗದಿದ್ದರೆ ಮೂರನೆಯ ಕರೆ ನಮ್ಮ ಕಡೆಯಿಂದ ಹೋಗಬೇಕು, ಒಂದು ಮಿರ್ಚಿ ಚಹಾಕ್ಕಾದರೂ. ಇನ್ನೊಂದು ಮಾತನ್ನು ನಮ್ಮೂರಿನ ಹಿರಿಯರು ಹೇಳುತ್ತಾರೆ: ಮದುವಿಗೆ ಹೋಗದಿದ್ರೂ ನಡೀತೈತಿ, ಮಣ್ಣಿಗೆ ಹೋಗಬೇಕು. ಅದಕ್ಕೆ ಯಾರೂ ಪತ್ರಿಕೆ ಹಂಚುವುದಿಲ್ಲ. ಆವತ್ತು ಪರೀಕ್ಷೆ ಮುಗಿದ ಮೊದಲ ಬಸ್ಸಿಗಾದರೂ ಹತ್ತಿ ಹೋಗಬೇಕು.