ನೂರು ರೂಪಾಯಿ ಉಳಿಸಿದ ಕಥೆ

ಹೋದ ವರ್ಷ ಜೂನ್‌ನಲ್ಲಿ ಬಸವಕಲ್ಯಾಣಕ್ಕೆ ಹೋದಾಗ ಅವ್ವ ಚಾದರ ಹಿಂಡಲಾಗದೆ ಹಂಗೇ ತಂತಿ ಮೇಲೆ ಹಾಕಿದ್ದಳು, ನೀರು ತೊಟ್ಟಿಕ್ಕುತ್ತಿತ್ತು. ಹೆಬ್ಬೆರಳಿನ ಕೀಲು ನೋವಂತೆ. "ವಾಷಿಂಗ್ ಮಷೀನ್ ಕೊಡಸ್ತೀನಿ ಅವ್ವಾ" ಅಂದೆ. ಹೈದರಾಬಾದಿಗೆ ವಾಪಸ್ ಬಂದ ರಾತ್ರಿಯೇ ಮಾಡೆಲ್ ಆರಿಸಿದೆ: ಏಳು ಕೆ.ಜಿ., ಟಾಪ್ ಲೋಡ್, ಬೆಲೆ 17,490.

ಆದರೆ ನಾನು ಇಂಜಿನಿಯರ್ ಅಲ್ವಾ, ಸುಮ್ಮನೆ ಕೊಳ್ಳೋದು ಹೇಗೆ? ಬ್ರೌಸರ್‌ಗೆ Keepa ಎಕ್ಸ್‌ಟೆನ್ಷನ್ ಹಾಕಿಕೊಂಡೆ. ಅಮೆಜಾನ್‌ನಲ್ಲಿ ಒಂದು ವಸ್ತುವಿನ ಪುಟ ತೆರೆದರೆ ಅದರ ಹಳೆಯ ಬೆಲೆಗಳ ಗ್ರಾಫ್ ಅಲ್ಲೇ ಕಾಣಿಸುತ್ತದೆ. ನಮಗೆ ಬೇಕಾದ ಬೆಲೆ ಬರೆದಿಟ್ಟರೆ, ಅಷ್ಟಕ್ಕೆ ಇಳಿದಾಗ ಮೇಲ್ ಬರುತ್ತದೆ. ಫ್ಲಿಪ್‌ಕಾರ್ಟ್‌ನಲ್ಲಿ ನೋಡುವವರಿಗೆ Buyhatke ಇಂಥದ್ದೇ ಕೆಲಸ ಮಾಡುತ್ತದೆ.

ನನ್ನ ಮಷೀನಿನ ಒಂದು ವರ್ಷದ ಗ್ರಾಫ್ ಹೆಚ್ಚುಕಡಿಮೆ ಸಪಾಟಾಗಿತ್ತು. ಪುಟದ ಮೇಲೆ ಅಡ್ಡಗೆರೆ ಹೊಡೆದು ತೋರಿಸಿದ್ದ 26,000ಕ್ಕೆ ಅದು ಒಂದು ದಿನವೂ ಮಾರಾಟವಾಗಿರಲಿಲ್ಲ. ಎರಡು ಸಲ, ಸೇಲ್ ಇದ್ದಾಗ, ಐದಾರು ದಿನ 15,990ಕ್ಕೆ ಇಳಿದು ಮೆಟ್ಟಿಲಿನಂತೆ ನಿಂತಿತ್ತು. ಒಂದೇ ಒಂದು ಸಲ 13,990ಕ್ಕೆ ಸೂಜಿಯಂತೆ ಇಳಿದು, ಅರ್ಧ ದಿನದಲ್ಲಿ ಮೇಲೆದ್ದಿತ್ತು. ನನ್ನ ಕಣ್ಣು ಸೂಜಿಯ ಮೇಲೇ ನಿಂತಿತು. ಅಲರ್ಟ್ ಇಟ್ಟೆ: 14,000.

ಅತ್ತ ಹುಮನಾಬಾದಿನಲ್ಲಿರುವ ನಮ್ಮಕ್ಕ ಕಾಯಲಿಲ್ಲ. ಅವ್ವನಿಗೆ ಬಟ್ಟೆ ಒಗೆಯಲು ಓಣಿಯ ಒಬ್ಬ ಹೆಣ್ಣುಮಗಳನ್ನು ಗೊತ್ತು ಮಾಡಿದಳು, ತಿಂಗಳಿಗೆ 600.

ಆಗಸ್ಟ್ ಸೇಲ್‌ನಲ್ಲಿ ಬೆಲೆ ಮತ್ತೆ 15,990 ಆಗಿ ಐದು ದಿನ ನಿಂತಿತು. ನನಗೆ ಗೊತ್ತೇ ಆಗಲಿಲ್ಲ! ನಾನು ಕೇಳಿದ್ದು 14,000, ಹಾಗಾಗಿ ಅಲರ್ಟ್ ಸುಮ್ಮನಿತ್ತು. ತಪ್ಪು ಅದರದ್ದಲ್ಲ.

ಸೆಪ್ಟೆಂಬರ್ ಮೊದಲ ವಾರ, ರಾತ್ರಿ ಹನ್ನೊಂದೂವರೆಗೆ ಮೇಲ್ ಬಂತು: 13,949. ಎದ್ದು ಕೂತೆ. ಪುಟದಲ್ಲಿ ಬೆಲೆ ಇತ್ತು, ಆದರೆ ಪಿನ್‌ಕೋಡ್ ಹೈದರಾಬಾದಿನದು. ಅದನ್ನು ತೆಗೆದು 585327 ಹಾಕಿದೆ. ಆ ಮಾರಾಟಗಾರ ಬಸವಕಲ್ಯಾಣಕ್ಕೆ ಕಳಿಸುವುದಿಲ್ಲ. ಅಕ್ಕನ ಮನೆಯ 585330 ಹಾಕಿದೆ. ಬರುತ್ತದೆ, ಆದರೆ ಒಂಬತ್ತು ದಿನ ಬೇಕು. ಅಕ್ಕನಿಗೆ ಫೋನ್ ಮಾಡಿದೆ.

"ನಮ್ಮನಿಗಿ ತರಸಿ ಏನ್ ಮಾಡ್ತಿ? ಇಲ್ಲಿಂದ ಟೆಂಪೋದಾಗ ಹಾಕಿ ಕಳಸಬೇಕು, ಅದರ ಬಾಡಿಗಿ ಯಾರು ಕೊಡ್ತಾರ? ಮತ್ತ ಫಿಟ್ ಮಾಡವ ನಮ್ಮನಿಗೇ ಬರ್ತಾನ, ಅವ್ವನ ಮನಿಗಿ ಅಲ್ಲ" ಅಂದಳು.

ಮಾತು ಮುಗಿಸಿ ನೋಡುವಷ್ಟರಲ್ಲಿ ಬೆಲೆ 17,490. ಆಗ ತಿಳೀತು, ಗ್ರಾಫ್‌ನ ಆ ಸೂಜಿ ಯಾವನೋ ಒಬ್ಬ ಮಾರಾಟಗಾರನ ಒಂದೆರಡು ಮಷೀನುಗಳ ಬೆಲೆ ಇರಬಹುದು. ಅದು ನಮ್ಮೂರಿಗೆ ಬರುತ್ತದೋ ಇಲ್ಲವೋ ಅನ್ನೋದು ಗ್ರಾಫ್‌ಗೆ ಗೊತ್ತಿಲ್ಲ. ಹಾಗೆಯೇ ಬ್ಯಾಂಕ್ ಕಾರ್ಡಿನ ರಿಯಾಯಿತಿಯೂ ಅದರಲ್ಲಿ ಸೇರಿರುವುದಿಲ್ಲ. ಕೈಗೆ ಸಿಗುವ ಬೆಲೆ ಅಂದರೆ ಮೆಟ್ಟಿಲು, ಸೂಜಿ ಅಲ್ಲ.

ಅಲರ್ಟನ್ನು 16,000ಕ್ಕೆ ಏರಿಸಿದೆ. ಪುಟದ ಪಿನ್‌ಕೋಡ್ ಅವ್ವನದೇ ಇಟ್ಟೆ. ಇನ್ನೊಂದು ಕೆಲಸ, ಫೋನಿನ ಕ್ಯಾಲೆಂಡರ್‌ನಲ್ಲಿ ಕೊನೆಯ ದಿನ ಗುರುತು ಹಾಕಿದೆ: ದೀಪಾವಳಿಗೆ ಒಂದು ವಾರ ಮೊದಲು. ಅಷ್ಟರೊಳಗೆ ಇಳಿಯದಿದ್ದರೆ ಇದ್ದ ಬೆಲೆಗೇ ಕೊಳ್ಳುವುದು.

ದಸರಾ ಸೇಲ್‌ನಲ್ಲಿ ಅಲರ್ಟ್ ಬಂತು, 15,990. ಬಸವಕಲ್ಯಾಣಕ್ಕೆ ನಾಲ್ಕು ದಿನದಲ್ಲಿ ಬರುತ್ತದೆ ಅಂತ ತೋರಿಸಿತು. ಕಾರ್ಡಿನ ಮೇಲೆ ಇನ್ನೂ 1,000 ಕಡಿಮೆಯಾಗಿ 14,990 ಬಿತ್ತು. ಜೂನ್‌ನ ಬೆಲೆಗಿಂತ 2,500 ಉಳಿತಾಯ! ಖುಷಿಯಿಂದ ಅಕ್ಕನಿಗೆ ಹೇಳಿದೆ.

"ನಾಕ್ ತಿಂಗಳ ಬಟ್ಟಿ ಒಗದಿದ್ದು ಎಷ್ಟಾತು, ಲೆಕ್ಕ ಮಾಡು" ಅಂದಳು.

ಆರುನೂರು ನಾಲ್ಕಲಿ, 2,400. ಉಳಿದದ್ದು ನೂರು ರೂಪಾಯಿ. ಜೂನ್‌ನಲ್ಲೇ ಮೆಟ್ಟಿಲ ಬೆಲೆಗೆ ಅಲರ್ಟ್ ಇಟ್ಟಿದ್ದರೆ ಆಗಸ್ಟ್‌ನಲ್ಲೇ ಮಷೀನ್ ಬರುತ್ತಿತ್ತು. ಕಾಯುವುದಕ್ಕೂ ತಿಂಗಳಿಗೆ ಇಷ್ಟು ಅಂತ ಬೆಲೆ ಇರುತ್ತದೆ. ನಾನು ಗುರಿ ಬೆಲೆ ಬರೆಯುವಾಗ ಅದನ್ನು ಕಳೆದೇ ಇರಲಿಲ್ಲ.

ಮಷೀನ್ ಫಿಟ್ ಆದ ಸಂಜೆ ಅವ್ವ ವಿಡಿಯೋ ಕಾಲ್ ಮಾಡಿದ್ದಳು. ಹಿಂದೆ ತಂತಿ ಮೇಲೆ ಚಾದರ, ಒಂದು ಹನಿಯೂ ನೀರಿಲ್ಲ.

"ಚಲೋ ಅದ ಬಿಡಪಾ. ಬಾಳ ಸೋವಿ ಸಿಕ್ಕಿತೇನು?" ಅಂದಳು.

"ಹೂಂ ಅವ್ವಾ" ಅಂದೆ. ನೂರು ರೂಪಾಯಿ ಸುದ್ದಿ ಅಕ್ಕ ಇನ್ನೂ ಹೇಳಿಲ್ಲ ಅನ್ಸುತ್ತೆ.