ಕೋಲಾರ ಕಾಣದ ಮೆಷಿನ್

2014ರ ಮಾತು. ಬೆಂಗಳೂರಿನ ಒಂದು ಸಣ್ಣ ಆಫೀಸು. ನಮ್ಮ ರಾಜ್ಯದ ಜಿಲ್ಲೆಗಳ ಮಾಹಿತಿ ತೋರಿಸುವ ತಂತ್ರಾಂಶವೊಂದನ್ನು ಮಾಡುತ್ತಿದ್ದೆವು. ಆಗ ಇದ್ದದ್ದು 30 ಜಿಲ್ಲೆ. ಪ್ರತಿ ಜಿಲ್ಲೆಗೂ ಒಂದು ಫೋಟೊ, ಫೋಟೊದ ಹೆಸರು ಕನ್ನಡದಲ್ಲೇ: ಹಾಸನ.jpg, ಕೋಲಾರ.jpg, ಹೀಗೆ. ಪ್ರೋಗ್ರಾಂ ಫೋಲ್ಡರ್‌ನಲ್ಲಿರುವ ಹೆಸರುಗಳನ್ನೆಲ್ಲ ಓದಿಕೊಂಡು, ಜಿಲ್ಲೆಯ ಹೆಸರಿಗೆ ಹೊಂದುವ ಫೋಟೊವನ್ನು ಎತ್ತಿ ತೋರಿಸಬೇಕು. ಕೆಲಸ ಇಷ್ಟೇ.

ಬರೆದವನು ಹಾಸನದ ಹುಡುಗ, ಅವನದು ಲಿನಕ್ಸ್ ಮೆಷಿನ್. ಪರೀಕ್ಷೆ ಮಾಡುವವಳು ಧಾರವಾಡದ ಕಡೆಯವಳು, ಅವಳ ಮುಂದೆ ಮ್ಯಾಕ್. ಬೆಳಿಗ್ಗೆ ಬಂದವಳೇ ಬಗ್ ಬರೆದು ಹಾಕಿದಳು: ಕೆಲವು ಜಿಲ್ಲೆಗಳ ಫೋಟೊ ಬರುತ್ತಿಲ್ಲ.

"ನನ್ನ ಮೆಷಿನ್ನಲ್ಲಿ ಮೂವತ್ತೂ ಬರ್ತಿವೆಯಲ್ರೀ," ಅಂದ ಇವನು.

"ನಿಮ್ಮ ಮೆಷಿನ್ ಜನರ ಮನಿಗೆ ಕಳಸ್ತೀರೇನು? ನನ್ನ ಕಡೆ ಕೋಲಾರ ಬರವಲ್ದು, ಬೀದರ್ ಬರವಲ್ದು."

ಅವಳು ಫೈಲುಗಳನ್ನು ಸರಿಯಾಗಿ ಬಿಚ್ಚಿಕೊಂಡಿಲ್ಲ ಅಂತ ಇವನ ಅನುಮಾನ. ಎದ್ದು ಬಂದು ಅವಳ ಫೋಲ್ಡರ್ ಎಣಿಸಿದ. ಮೂವತ್ತು ಇದ್ದವು. ಟರ್ಮಿನಲ್ ತೆರೆದು ಕೋಲಾರ.jpg ಎಂದು ತಾನೇ ಟೈಪ್ ಮಾಡಿದ. ಫೋಟೊ ತೆರೆದುಕೊಂಡಿತು! "ನೋಡಿ, ಫೈಲ್ ಇದೆ, ತೆರೀತಿದೆ. ಇನ್ನೇನು?" ದನಿ ಏರಿತು. ಅವಳದೂ ಏರಿತು. ಫೈಲ್ ಇದೆ ಅಂತ ಸಾಬೀತಾದದ್ದರಿಂದ ಜಗಳ ಇನ್ನಷ್ಟು ಬೆಳೆಯಿತು. ಯಾಕೆಂದರೆ ಅದು ಇಬ್ಬರ ಮಾತನ್ನೂ ನಿಜ ಮಾಡಿಬಿಟ್ಟಿತ್ತು.

ಅವಳ ಕೆಲಸದ ಮೇಲೆ ನನಗೆ ಗೌರವ ಹುಟ್ಟಿದ್ದು ಇಲ್ಲಿಂದ ಮುಂದೆ. ವಾದ ನಿಲ್ಲಿಸಿ ಕಾಗದ ತೆಗೆದುಕೊಂಡಳು. ಎಡಕ್ಕೆ ಬಂದವು: ಹಾಸನ, ಗದಗ, ಮಂಡ್ಯ, ಉಡುಪಿ. ಬಲಕ್ಕೆ ಬಾರದವು: ಕೋಲಾರ, ಬೀದರ್, ಹಾವೇರಿ, ಮೈಸೂರು. "ದೀರ್ಘ ಇದ್ದದ್ದು ಬರೂದಿಲ್ಲ ನೋಡ್ರಿ," ಅಂದಳು. ಆದರೆ ತುಮಕೂರು ಬಂದಿತ್ತು, ಅದರಲ್ಲಿ 'ಕೂ' ಇದೆ. ಹ್ರಸ್ವ 'ಕೊ' ಇರುವ ಕೊಡಗು ಬಂದಿರಲಿಲ್ಲ. ಮೂವತ್ತನ್ನೂ ಬರೆದು ಮುಗಿಸಿದ ಮೇಲೆ ಇಬ್ಬರೂ ತಲೆ ಬಗ್ಗಿಸಿ ಕೂತರು. ಬಾರದ ಒಂದೊಂದು ಹೆಸರಲ್ಲೂ ೀ, ೇ, ೈ, ೊ, ೋ ಈ ಐದರಲ್ಲಿ ಒಂದಾದರೂ ಇತ್ತು. ಬಂದ ಒಂದರಲ್ಲೂ ಇರಲಿಲ್ಲ.

ಹುಡುಗ ಎರಡೂ ಮೆಷಿನ್‌ನಲ್ಲಿ ಪೈಥಾನ್‌ನ ಇದೇ ಸಾಲುಗಳನ್ನು ಓಡಿಸಿದ:

```
import os
for n in os.listdir("photo"):
    print(n, len(n))
```

ಹಾಸನ.jpg ಎರಡೂ ಕಡೆ 8. ಕೋಲಾರ.jpg ಅವನಲ್ಲಿ 9, ಅವಳಲ್ಲಿ 11. ಪರದೆಯ ಮೇಲೆ ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಯೂನಿಕೋಡ್‌ನಲ್ಲಿ ಈ ಐದು ಸ್ವರಚಿಹ್ನೆಗಳನ್ನು ಇಡಿಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. 'ಕೋ'ದಲ್ಲಿರುವ ೋ ಒಂದೇ ಸಂಕೇತವಾಗಿರಬಹುದು (U+0CCB), ಇಲ್ಲವೇ ಶಾಲೆಯಲ್ಲಿ ಕಾಗುಣಿತ ಹೇಳಿಕೊಟ್ಟ ಹಾಗೆ ಏತ್ವ, ಕೊಂಬಿನ ಇಳಿ, ದೀರ್ಘ ಅಂತ ಮೂರು ಸಂಕೇತಗಳಾಗಿರಬಹುದು. ಎರಡೂ ಸಮಾನ ಎಂದೇ ನಿಯಮ. 'ಕೂ'ದ ಚಿಹ್ನೆಯನ್ನು ಹಾಗೆ ಬಿಡಿಸಲು ಬಾರದು, ಅದಕ್ಕೇ ತುಮಕೂರು ಪಾರಾಗಿತ್ತು. ಲಿನಕ್ಸ್ ಕೊಟ್ಟ ಹೆಸರನ್ನು ಕೊಟ್ಟಂತೆಯೇ ಇಟ್ಟುಕೊಳ್ಳುತ್ತದೆ. ಆ ಕಾಲದ ಮ್ಯಾಕ್‌ನಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಬಿಡಿಸಿ ಇಡುತ್ತಿತ್ತು. ಹೆಸರು ಹೇಳಿ ಫೈಲ್ ಕೇಳಿದರೆ ಕೇಳಿದ ಹೆಸರನ್ನೂ ಬಿಡಿಸಿಕೊಂಡು ಹುಡುಕುತ್ತದೆ, ಆದ್ದರಿಂದ ಅವನು ಟೈಪ್ ಮಾಡಿದಾಗ ತೆರೆದುಕೊಂಡಿತು. ಪಟ್ಟಿ ಕೇಳಿದರೆ ಮಾತ್ರ ಬಿಡಿಸಿದ ಹೆಸರುಗಳನ್ನೇ ಕೊಡುತ್ತದೆ. ನಮ್ಮ ಪ್ರೋಗ್ರಾಂ ಪಟ್ಟಿಯ ಹನ್ನೊಂದನ್ನು ತನ್ನ ಒಂಬತ್ತರ ಜೊತೆ ಹೋಲಿಸಿ, ಬೇರೆ ಅಂತ ಕೈಬಿಡುತ್ತಿತ್ತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಹೆಸರನ್ನು ಬರೆದ ರೂಪದಲ್ಲೇ ಉಳಿಸುತ್ತದೆ. ಈಗಿನವರು ಹೊಸ ಮ್ಯಾಕ್‌ನಲ್ಲಿ ಇದನ್ನು ಮರುಕಳಿಸಲು ಹೋದರೆ ಸಿಗದೇ ಇರಬಹುದು.

ರಿಪೇರಿ ಒಂದು ಸಾಲಿನದು. ಎರಡೂ ಕಡೆಯ ಹೆಸರನ್ನು ಹೋಲಿಸುವ ಮುಂಚೆ ಇಡಿ ರೂಪಕ್ಕೆ ತರುವುದು:

```
unicodedata.normalize("NFC", name)
```

ಸಂಜೆಯ ಹೊತ್ತಿಗೆ ಅವಳ ಮ್ಯಾಕ್‌ನಲ್ಲಿ ಮೂವತ್ತೂ ಬಂದವು. "ನಿಮ್ಮ ಪಟ್ಟಿ ಇಲ್ಲದಿದ್ರೆ ಇನ್ನೂ ಜಗಳ ಆಡ್ತಿದ್ವಿ ಕಣ್ರೀ," ಅಂದ ಅವನು.

ಅವಳು ಬಗ್ ಮುಚ್ಚಲಿಲ್ಲ. "ಊರಿನ ಹೆಸರೂ ಹಾಕೋರಿದ್ದೀರಲ್ಲ, ಅದರಾಗ ಸಂಧಿ ಬಿಡಿಸೋ ಕಾಣದ ಅಕ್ಷರ ಬಂದ್ರ ಏನು?" ಅಂತ ಕೇಳಿದಳು. ಒತ್ತಕ್ಷರವಾಗದಂತೆ ತಡೆಯಲು ಕೆಲವರು ನಡುವೆ ಒತ್ತುವ ಆ ಅದೃಶ್ಯ ಚಿಹ್ನೆಯನ್ನು (U+200C) NFC ಮುಟ್ಟುವುದಿಲ್ಲ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಟೈಪ್ ಮಾಡಿದರೆ ಹೆಸರುಗಳು ಮತ್ತೆ ಬೇರೆಬೇರೆಯೇ, ಅದೂ ಎಲ್ಲ ಮೆಷಿನ್‌ಗಳಲ್ಲೂ. ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತು ಎರಡನೇ ಬಗ್ ಬರೆಯಲು ಶುರುಮಾಡಿದ.