ಹೆಚ್ಚಿಗೆ ಬಂದ ಇಪ್ಪತ್ತು ಸಾವಿರ

ನಮ್ಮ ಅಜ್ಜನ ಗ್ರಾಮಫೋನ್ ಶಿವಮೊಗ್ಗದ ಮನೆಯ ಅಟ್ಟದಲ್ಲಿ ಎಷ್ಟೋ ವರ್ಷದಿಂದ ಬಿದ್ದಿತ್ತು. ಸೂಟ್‌ಕೇಸ್ ಥರ ಮುಚ್ಚಿ ಕೈಯಲ್ಲಿ ಹಿಡಿದು ಒಯ್ಯುವಂಥ ಎಚ್‌ಎಂವಿ 102 ಮಾದರಿ. ಮನೆಗೆ ಬಣ್ಣ ಹೊಡೆಸಬೇಕು, ಅಟ್ಟ ಖಾಲಿಯಾಗಬೇಕು ಅಂತ ಅಮ್ಮ ಹೇಳಿದಾಗ ನಾನೇ ನಾಲ್ಕು ಫೋಟೋ ತೆಗೆದು, 18,000 ರೂಪಾಯಿ ಅಂತ ಬೆಲೆ ಬರೆದು, ಹಳೆ ಸಾಮಾನು ಮಾರುವ ಒಂದು ಆ್ಯಪ್‌ನಲ್ಲಿ ಹಾಕಿದೆ. ಆಮೇಲೆ ಬೆಂಗಳೂರಿನ ಬಸ್ ಹತ್ತಿದೆ. ಮೀಟಿಂಗ್ ಮಧ್ಯೆ ಕರೆ ಬಂದರೆ ಕಷ್ಟ ಅಂತ ಜಾಹೀರಾತಿಗೆ ನನ್ನ ನಂಬರ್ ಬದಲು ಅಮ್ಮನ ನಂಬರ್ ಕೊಟ್ಟಿದ್ದೆ. ಈ ಕಥೆಯಲ್ಲಿ ಮೊದಲ ತಪ್ಪು ನನ್ನದು.

ಮರುದಿನ ಬೆಳಿಗ್ಗೆಯೇ ಕರೆ ಬಂತು. ತಾನು ಸೇನೆಯಲ್ಲಿದ್ದೇನೆ, ಈಗ ಜೈಸಲ್ಮೇರ್‌ನಲ್ಲಿ ಡ್ಯೂಟಿ, ಮನೆಯವರು ಬೆಂಗಳೂರಿನಲ್ಲಿದ್ದಾರೆ, ಅಪ್ಪನಿಗೆ ಹಳೆ ಹಾಡೆಂದರೆ ಪ್ರಾಣ ಅಂದನಂತೆ. ವಾಟ್ಸ್‌ಆ್ಯಪ್‌ಗೆ ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎರಡೂ ಬಂದವು. ಅಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಪಾಠ ಮಾಡಿದವರು. ನಿವೃತ್ತಿಯಾದ ಮೇಲೆ ಯಾರೋ ತಮ್ಮ ಹತ್ತಿರ ಅಷ್ಟು ಚೆಂದದ ಹಿಂದಿಯಲ್ಲಿ ‘ಮಾತಾಜಿ’ ಅಂತ ಮಾತಾಡಿದ್ದೇ ಅವರಿಗೆ ಖುಷಿ. ಚೌಕಾಸಿ ಇಲ್ಲ, ಪ್ರಶ್ನೆ ಇಲ್ಲ. “18,000 ಸರಿ, ಹಣ ಈಗಲೇ ಹಾಕ್ತೀನಿ, ಸಂಜೆ ಸಾಗಣೆಯವರು ಬಂದು ತಗೊಂಡು ಹೋಗ್ತಾರೆ” ಅಂದ.

ಮೊದಲು 5 ರೂಪಾಯಿ ಹಾಕಿದ. ಅದು ನಿಜವಾಗಿಯೂ ಬಂತು. “ನೋಡಿ ಮಾತಾಜಿ, ಖಾತೆ ಸರಿಯಿದೆ ಅಂತ ಖಾತ್ರಿ ಮಾಡ್ಕೊಂಡೆ” ಅಂದ. ಐದು ನಿಮಿಷ ಬಿಟ್ಟು ಇನ್ನೊಂದು ಎಸ್‌ಎಂಎಸ್ ಬಂತು: ನಿಮ್ಮ ಖಾತೆಗೆ 38,000 ಜಮಾ ಆಗಿದೆ. ಅದರ ಹಿಂದೆಯೇ ಗಾಬರಿಯ ದನಿಯಲ್ಲಿ ಕರೆ. 18 ಒತ್ತುವ ಬದಲು 38 ಒತ್ತಿಬಿಟ್ಟೆ, ಹೆಚ್ಚಿಗೆ ಬಂದ 20,000 ನಮ್ಮ ಹುಡುಗನೊಬ್ಬನ ಆಸ್ಪತ್ರೆಯ ಹಣ, ದಯವಿಟ್ಟು ವಾಪಸ್ ಹಾಕಿ, ಈಗಲೇ ಬೇಕು.

ಈಗ ಅಮ್ಮನ ಜಾಗದಲ್ಲಿ ನಿಂತು ನೋಡಿ. ಇಲ್ಲಿ ಯಾರೂ ಅವರಿಗೆ ಲಾಟರಿ ಹೊಡೆದಿದೆ ಅಂತ ಆಸೆ ತೋರಿಸಿಲ್ಲ. ಬೇರೆಯವರ ಹಣ ನಮ್ಮ ಹತ್ತಿರ ಉಳಿಯಬಾರದು ಅನ್ನೋ ಪ್ರಾಮಾಣಿಕತೆಗೇ ಗಾಳ ಹಾಕಿದ್ದು. ಅಮ್ಮ 10,000 ಕಳಿಸಿದರು. ಉಳಿದ 10,000 ಕಳಿಸೋಕೆ ಹೊರಟಾಗ ಮೊದಲ ಹಣ ಕಡಿತವಾದ ಬ್ಯಾಂಕಿನ ಎಸ್‌ಎಂಎಸ್ ಕಣ್ಣಿಗೆ ಬಿತ್ತು. ಬಾಕಿ 21,417. ಬೆಳಿಗ್ಗೆ ಖಾತೆಯಲ್ಲಿ 31,412 ಇತ್ತು ಅಂತ ಅವರಿಗೆ ನೆನಪಿತ್ತು. 5 ರೂಪಾಯಿ ಸೇರಿದರೆ 31,417. 38,000 ನಿಜವಾಗಿ ಬಂದಿದ್ದರೆ 69,417 ಆಗಬೇಕು, ಅದರಲ್ಲಿ 10,000 ಹೋದರೆ 59,417 ಉಳಿಯಬೇಕು. ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಮಾಡಿದ್ದು ಈಗಲೂ ಹಾಗೇ ಇದೆ. ಲೆಕ್ಕ ತಾಳೆಯಾಗಲಿಲ್ಲ. ಫೋನ್ ಕೆಳಗಿಟ್ಟರು. ಅವನು ಮತ್ತೆ ಮತ್ತೆ ಕರೆ ಮಾಡಿ, ಸೇನೆಯ ಹಣ ಇಟ್ಟುಕೊಂಡಿದ್ದೀರಿ, ಪೊಲೀಸರಿಗೆ ಕೊಡ್ತೀನಿ ಅಂತ ಹೆದರಿಸಿದನಂತೆ.

ಇದೆಲ್ಲ ಆಗಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ನನಗೆ ಗೊತ್ತಾಗಿದ್ದು ರಾತ್ರಿ ಎಂಟೂವರೆಗೆ, ನಾನಾಗಿ ಫೋನ್ ಮಾಡಿದಾಗ. “ನೀನು ಬೈತೀಯ ಅಂತ ಹೇಳಲಿಲ್ಲ ಮರಿ” ಅಂದರು. ಹಿಂದೊಂದು ಸಲ ಅಮ್ಮ ಯಾವುದೋ ಲಿಂಕ್ ಒತ್ತಿದಾಗ ನಾನು ನಕ್ಕಿದ್ದೆ, “ಅಷ್ಟೂ ಗೊತ್ತಾಗಲ್ವಾ” ಅಂದಿದ್ದೆ. ಆ ನಗುವೇ ಈ ಎಂಟೂವರೆ ಗಂಟೆಯನ್ನು ತಿಂದಿತ್ತು.

ತಕ್ಷಣ ಅಮ್ಮನ ಕೈಯಲ್ಲೇ 1930ಕ್ಕೆ ಕರೆ ಮಾಡಿಸಿದೆ. ಇದು ಸೈಬರ್ ಹಣಕಾಸು ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಅವರು ಕೇಳಿದ್ದು ಹಣ ಹೋದ ಸಮಯ, ಮೊತ್ತ, ನಮ್ಮ ಬ್ಯಾಂಕು ಮತ್ತು ಯುಪಿಐ ವಹಿವಾಟಿನ 12 ಅಂಕಿಗಳ ಸಂಖ್ಯೆ. ಆ ಸಂಖ್ಯೆ ಆ್ಯಪ್‌ನ ಹಿಸ್ಟರಿಯಲ್ಲಿ ಆ ವಹಿವಾಟನ್ನು ಒತ್ತಿದರೆ ಸಿಗುತ್ತೆ. cybercrime.gov.in ತಾಣದಲ್ಲೂ ದೂರಿನ ವಿವರ ತುಂಬಿದೆವು. ಬ್ಯಾಂಕಿಗೂ ತಿಳಿಸಿದೆವು. ದೂರು ಬಂದ ಕೂಡಲೇ ಹಣ ಹೋದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗುತ್ತೆ, ಅಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯುತ್ತಾರೆ. ‘ಉಳಿದಿರುವಷ್ಟು’ ಅನ್ನೋದೇ ಇಲ್ಲಿ ಮುಖ್ಯ. ನಮ್ಮ 10,000ದಲ್ಲಿ ಅಲ್ಲಿ ಉಳಿದಿದ್ದು 3,200. ಮಿಕ್ಕದ್ದು ಅಷ್ಟರಲ್ಲಿ ಬೇರೆ ಖಾತೆಗಳಿಗೆ ಹಾರಿ, ಎಟಿಎಂನಿಂದ ಹೊರಗೂ ಬಂದಾಗಿತ್ತು. ಮಧ್ಯಾಹ್ನವೇ ಕರೆ ಮಾಡಿದ್ದರೆ ಪೂರ್ತಿ ಸಿಗುತ್ತಿತ್ತು ಅಂತ ಹೇಳೋಕಾಗಲ್ಲ, ಆದರೆ ಅವಕಾಶ ಖಂಡಿತ ಹೆಚ್ಚಿತ್ತು. ಪಿನ್ ಒತ್ತಿದ್ದು ನಾವೇ ಆದ್ದರಿಂದ ಬ್ಯಾಂಕು ತನ್ನ ಕೈಯಿಂದ ತುಂಬಿಕೊಡಲಿಲ್ಲ.

ಆ ಭಾನುವಾರ ಊರಿಗೆ ಹೋಗಿ ಅಮ್ಮನ ಫೋನನ್ನು ಸಾವಧಾನವಾಗಿ ನೋಡಿದೆ. 38,000 ಜಮಾ ಅಂದ ಎಸ್‌ಎಂಎಸ್ ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿತ್ತು. ನಮ್ಮ ಬ್ಯಾಂಕಿನ ಜಮಾ, ಕಡಿತದ ಸಂದೇಶಗಳು ಬರೋದು ಬ್ಯಾಂಕಿನ ಹೆಸರಿನ ಇಂಗ್ಲಿಷ್ ಅಕ್ಷರಗಳಿರುವ ಗುರುತಿನಿಂದ. ಆದರೆ ಈ ವ್ಯತ್ಯಾಸವನ್ನೇ ನೆಚ್ಚಿಕೊಳ್ಳಬೇಡಿ ಅಂತ ಅಮ್ಮನಿಗೆ ಹೇಳಿದೆ. ಎಸ್‌ಎಂಎಸ್ ಅಂದರೆ ಯಾರೋ ಟೈಪ್ ಮಾಡಿದ ವಾಕ್ಯ, ಸ್ಕ್ರೀನ್‌ಶಾಟ್ ಅಂದರೆ ಒಂದು ಚಿತ್ರ. ಹಣ ಬಂದಿದೆಯೋ ಇಲ್ಲವೋ ಅನ್ನೋದಕ್ಕೆ ಸಾಕ್ಷಿ ನಮ್ಮ ಖಾತೆಯ ಬಾಕಿ ಒಂದೇ. ಅದನ್ನು ನಾವೇ ಬ್ಯಾಂಕಿನ ಆ್ಯಪ್ ತೆರೆದು ನೋಡಬೇಕು, ಅವರು ಕಳಿಸಿದ ಲಿಂಕ್‌ನಿಂದ ಅಲ್ಲ. ನೋಡುವ ಮೊದಲು ಅವರ ಕರೆಯನ್ನು ಕಟ್ ಮಾಡಬೇಕು. ಅವನು ಮಾತು ನಿಲ್ಲಿಸದೇ ಇದ್ದದ್ದು ಅಮ್ಮನಿಗೆ ಲೆಕ್ಕ ಮಾಡೋಕೆ ಬಿಡುವು ಸಿಗಬಾರದು ಅಂತಲೇ.

ಇದೇ ಆಟಕ್ಕೆ ಇನ್ನೊಂದು ರೂಪವಿದೆ. ‘ಹಣ ಪಡೆಯಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಅಂತ ಕಳಿಸುತ್ತಾರೆ. ಕ್ಯೂಆರ್ ಸ್ಕ್ಯಾನ್ ಮಾಡೋದು ಹಣ ಕೊಡೋಕೆ. ಯುಪಿಐ ಪಿನ್ ಬೇಕಾಗೋದು ಹಣ ಕಳಿಸೋಕೆ ಅಥವಾ ಬಾಕಿ ನೋಡೋಕೆ, ಪಡೆಯೋಕೆ ಎಂದೂ ಬೇಡ. ಮೊದಲೆಲ್ಲ ಖರೀದಿದಾರನ ವೇಷದಲ್ಲಿ ‘ಹಣ ಕೋರಿಕೆ’ ಕಳಿಸಿ, ಅದನ್ನು ಒಪ್ಪಿಕೊಂಡರೆ ಹಣ ಬರುತ್ತೆ ಅಂತ ನಂಬಿಸುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಅಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಎನ್‌ಪಿಸಿಐ ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಹೇಳಿತು. ಆ ಬಾಗಿಲು ಮುಚ್ಚಿದರೂ ಸುಳ್ಳು ಎಸ್‌ಎಂಎಸ್ ಕಳಿಸಿ, ನಮ್ಮ ಕೈಯಿಂದಲೇ ಹಣ ಹಾಕಿಸಿಕೊಳ್ಳುವ ಬಾಗಿಲು ತೆರೆದೇ ಇದೆ.

ಹಾಗಾದರೆ ಹೆಚ್ಚಿಗೆ ಹಣ ನಿಜವಾಗಿಯೇ ಖಾತೆಗೆ ಬಂದರೆ? ಅಮ್ಮ ಕೇಳಿದ ಒಳ್ಳೆಯ ಪ್ರಶ್ನೆ ಇದು. ಆಗ ಇನ್ನೂ ಹುಷಾರಾಗಿರಬೇಕು. ಅದು ಮೋಸ ಹೋದ ಇನ್ಯಾರದೋ ಹಣ ಆಗಿರಬಹುದು. ಅವನು ಹೇಳಿದ ಬೇರೆ ಖಾತೆಗೆ ನಾವು ಕಳಿಸಿದರೆ, ಆ ಮೂಲ ವ್ಯಕ್ತಿ ದೂರು ಕೊಟ್ಟ ದಿನ ಪೊಲೀಸರಿಗೆ ಕಾಣೋದು ನಮ್ಮ ಖಾತೆ, ಸ್ಥಗಿತವಾಗೋದೂ ಅದೇ. ಆದ್ದರಿಂದ ನಾವಾಗಿ ಯಾರಿಗೂ ಕಳಿಸಬಾರದು. ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಬಂದ ಖಾತೆಗೇ ಅವರ ಮೂಲಕ ವಾಪಸ್ ಹೋಗುವಂತೆ ಮಾಡಬೇಕು. ನಿಜವಾಗಿ ತಪ್ಪಿ ಹಾಕಿದವರಿಗೆ ಇದರಿಂದ ತೊಂದರೆಯೇನಿಲ್ಲ, ಅವರೂ ತಮ್ಮ ಬ್ಯಾಂಕಿಗೆ ಹೇಳಬಹುದು. ಅಮೆರಿಕದಲ್ಲಿರುವ ನನ್ನ ಕಸಿನ್‌ಗೆ ಹಳೆ ಹೊಲಿಗೆ ಯಂತ್ರ ಮಾರುವಾಗ ಇದೇ ಆಟ ಚೆಕ್ ರೂಪದಲ್ಲಿ ಬಂದಿತ್ತು. ಬೆಲೆಗಿಂತ ಹೆಚ್ಚಿನ ಮೊತ್ತದ ಚೆಕ್, ಉಳಿದದ್ದನ್ನು ಸಾಗಣೆಯವನಿಗೆ ಕೊಡಿ ಅನ್ನೋ ಮಾತು. ಅಲ್ಲಿ ಚೆಕ್ ಹಾಕಿದ ಒಂದೆರಡು ದಿನಕ್ಕೇ ಹಣ ಖಾತೆಯಲ್ಲಿ ಕಾಣಿಸುತ್ತೆ, ಆದರೆ ಚೆಕ್ ನಕಲಿ ಅಂತ ಗೊತ್ತಾಗೋಕೆ ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ‘ಸಾಗಣೆಯವನು’ ಮಾಯ.

ಹಳೆ ವಸ್ತು ಮಾರುವವರ ಮೇಲೇ ಯಾಕೆ ಕಣ್ಣು? ಹೊಸ ಫೋನಿಗಾದರೆ ಬೆಲೆ ಎಲ್ಲರಿಗೂ ಗೊತ್ತು. ಗ್ರಾಮಫೋನಿಗೆ, ಹಿತ್ತಾಳೆ ಹಂಡೆಗೆ ಇಷ್ಟೇ ಬೆಲೆ ಅಂತಿಲ್ಲ. ಕೇಳಿದ್ದು ಸಿಕ್ಕಿತು ಅಂದಾಗ ಮಾರುವವರ ಮನಸ್ಸು ಮೆತ್ತಗಾಗುತ್ತೆ. ಭಾರದ ಸಾಮಾನು ಆದ್ದರಿಂದ ನಡುವೆ ಒಬ್ಬ ‘ಸಾಗಣೆಯವನು’ ಬರೋದೂ ಸಹಜವಾಗಿ ಕಾಣುತ್ತೆ. ಜೊತೆಗೆ, ಇಂಥ ವಸ್ತು ಇರೋದು ಹೆಚ್ಚಾಗಿ ಹಿರಿಯರ ಮನೆಗಳಲ್ಲಿ.

ನಿಜವಾದ ಗಿರಾಕಿ ಹೇಗಿರುತ್ತಾನೆ ಅನ್ನೋದು ನಮಗೆ ಎರಡು ತಿಂಗಳ ನಂತರ ಗೊತ್ತಾಯ್ತು. ಈ ಸಲ ಜಾಹೀರಾತಿನಲ್ಲಿ ನನ್ನ ನಂಬರ್ ಇತ್ತು, ‘ಬಂದು ನೋಡಿ ಒಯ್ಯುವವರಿಗೆ ಮಾತ್ರ’ ಅಂತ ಬರೆದಿದ್ದೆ. ಹಣ ಪಡೆಯೋಕೆ ಐನೂರು ರೂಪಾಯಿ ಮಾತ್ರ ಇಟ್ಟ ಬೇರೆ ಖಾತೆ. ಮೈಸೂರಿನ ಒಬ್ಬರು ಕರೆ ಮಾಡಿದವರು ಹಣದ ಮಾತೇ ಎತ್ತಲಿಲ್ಲ. ಸೌಂಡ್‌ಬಾಕ್ಸ್ ಯಾವ ನಂಬರಿನದು, ಪೂರ್ತಿ ಕೀ ಕೊಟ್ಟರೆ ರೆಕಾರ್ಡಿನ ಒಂದು ಬದಿ ಮುಗಿಯುವ ತನಕ ಓಡುತ್ತಾ, ಮುಚ್ಚಳದ ತಗಡಿನ ಗುರುತು ಮೂಲದ್ದೇನಾ ಅಂತ ಕೇಳಿದರು. ಹೊಳೆಯುವ ಹಿತ್ತಾಳೆ ತುತ್ತೂರಿ ಕೂರಿಸಿದ ಹೊಸ ನಕಲಿ ಗ್ರಾಮಫೋನ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ, ಹಾಗಾಗಿ ಗೊತ್ತಿರುವವರು ಮೊದಲು ಅನುಮಾನದಿಂದಲೇ ನೋಡುತ್ತಾರೆ. ನೋಡದೆ ಪೂರ್ತಿ ಹಣ ಕೊಡ್ತೀನಿ ಅನ್ನೋನಿಗೆ ಬೇಕಾಗಿರೋದು ವಸ್ತು ಅಲ್ಲ. ವಿದೇಶಕ್ಕೆ ಕಳಿಸಿ ಅನ್ನೋ ಗಿರಾಕಿ ಬಂದರಂತೂ ಇನ್ನೊಂದು ಮಾತು ನೆನಪಿರಲಿ. ನೂರು ವರ್ಷ ದಾಟಿದ ವಿಗ್ರಹ, ಚಿತ್ರಗಳಂಥ ಪುರಾತನ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸೋದು 1972ರ ಕಾಯ್ದೆಯ ಪ್ರಕಾರ ಅಪರಾಧ. ಈ 102 ಮಾದರಿ ಬಂದದ್ದೇ 1931ರಲ್ಲಿ, ಆದ್ದರಿಂದ ನಮಗೆ ಆ ತೊಡಕಿರಲಿಲ್ಲ.

ಮೈಸೂರಿನವರು ಭಾನುವಾರ ಬಂದರು. ತಾವೇ ತಂದ ಸೂಜಿ ಹಾಕಿ, ಕೀ ತಿರುಗಿಸಿ, ಒಂದು ರೆಕಾರ್ಡ್ ಪೂರ್ತಿ ಕೇಳಿದರು. ಸ್ಪ್ರಿಂಗ್ ಕೊನೆಯಲ್ಲಿ ಎಳೆಯುತ್ತೆ ಅಂತ ಬೆಲೆ ಇಳಿಸಿ 14,500ಕ್ಕೆ ನಿಂತರು. ಯುಪಿಐನಲ್ಲಿ ಹಣ ಹಾಕಿ, ತಮ್ಮ ಫೋನಿನ ಹಸಿರು ಟಿಕ್ ಮಾರ್ಕನ್ನು ಅಮ್ಮನಿಗೆ ತೋರಿಸಿದರು.

ಅಮ್ಮ ಅದನ್ನು ನೋಡಲಿಲ್ಲ. “ಒಂದ್ನಿಮಿಷ ಕೂತ್ಕೊಳ್ಳಿ, ಕಾಫಿ ತರ್ತೀನಿ” ಅಂತ ಒಳಗೆ ಹೋದರು. ಅಡುಗೆಮನೆಯಲ್ಲಿ ಕ್ಯಾಲೆಂಡರ್ ಪಕ್ಕ ನಿಂತು, ಕನ್ನಡಕ ಹಾಕಿಕೊಂಡು, ಬ್ಯಾಂಕಿನ ಆ್ಯಪ್ ತೆರೆದು ನೋಡಿದರು. 15,000. ಐನೂರಕ್ಕೆ ಹದಿನಾಲ್ಕೂವರೆ ಸಾವಿರ ಸೇರಿ ಲೆಕ್ಕ ಸರಿಯಾಗಿತ್ತು. ಆಮೇಲೆ ಹಾಲು ಕಾಯಿಸೋಕಿಟ್ಟರು.